ಸೆಕೆ ಬೇರೆ, ಬಿಸಿಲು ಬೇರೆ

ಮಸ್ಕತ್‌ನ ನಮ್ಮ ಕನ್ನಡ ಗೆಳೆಯರ ಗುಂಪಿನ ಹಿರಿಯರೊಬ್ಬರು ಕಳೆದ ಬೇಸಿಗೆ ರಜೆಗೆ ಊರಿಗೆ ಹೋಗಲಿಲ್ಲ. ಜುಲೈ ತಿಂಗಳಲ್ಲಿ ಎಂಟು ದಿನ ಒಮಾನನ್ನೇ ಸುತ್ತಿ ಒಂದು ದಿನಚರಿ ಬರೆದರು. ಅಚ್ಚಿಗೆ ಕೊಡುವ ಮುಂಚೆ ಓದಿ ಅಭಿಪ್ರಾಯ ಹೇಳಿ ಎಂದು ಹಸ್ತಪ್ರತಿಯನ್ನು ನನ್ನ ಕೈಗಿತ್ತರು. ದಾರಿ, ಊಟ, ಕೋಟೆ, ಖರ್ಚು ಎಲ್ಲವೂ ಅದರಲ್ಲಿ ಅಚ್ಚುಕಟ್ಟಾಗಿದೆ. ಆದರೆ ಜುಲೈ ತಿಂಗಳ ಒಮಾನ್ ಎಂದರೆ ಎಲ್ಲಕ್ಕಿಂತ ಮೊದಲು ಶಾಖ. ಆ ಮಾತು ಬಂದಲ್ಲೆಲ್ಲ ದಿನಚರಿ ಎಡವುತ್ತದೆ. ಆದ್ದರಿಂದ ಅದೊಂದನ್ನೇ ಹಿಡಿದು ಇಲ್ಲಿ ಬರೆಯುತ್ತಿದ್ದೇನೆ.

ನಾನು ಲೆಕ್ಕಪತ್ರದವನು. ಮೂರು ದಿನದ ಬರಹ ಓದುವಷ್ಟರಲ್ಲಿ ಅವರ ಲೆಕ್ಕದ ಕ್ರಮ ನನಗೆ ಸಿಕ್ಕಿತು. ಪ್ರತಿದಿನ ಮೊಬೈಲಿನಲ್ಲಿ ಉಷ್ಣಾಂಶ ನೋಡುತ್ತಾರೆ. ಮೂವತ್ತರ ಆಚೀಚೆ ಇದ್ದರೆ 'ಬೆಚ್ಚಗಿತ್ತು', ಮೂವತ್ತೈದು ದಾಟಿದರೆ 'ಸೆಕೆ', ನಲವತ್ತು ದಾಟಿದರೆ 'ಸುಡುಬಿಸಿಲು'. ಇಂಗ್ಲಿಷಿನ ವಾರ್ಮ್, ಹಾಟ್, ಸ್ಕಾರ್ಚಿಂಗ್ ಎಂಬ ಪದಗಳನ್ನು ಹೀಗೆ ಏಣಿಯ ಮೆಟ್ಟಿಲಂತೆ ಜೋಡಿಸಬಹುದೇನೋ. ಅಲ್ಲಿಯೂ ಸ್ವೆಲ್ಟರಿಂಗ್ ಎನ್ನುವ ಪದ ಬೆವರನ್ನು ನೆನಪಿಸಿ ಸಾಲಿನಿಂದ ಹೊರಗೆ ನಿಲ್ಲುತ್ತದೆ. ಕನ್ನಡದ ಪದಗಳಂತೂ ಏಣಿಯೇ ಅಲ್ಲ. ಶಾಖ ಎಷ್ಟು ಎಂಬುದಕ್ಕಿಂತ ಅದು ಎಲ್ಲಿಂದ ಬಂತು, ಯಾವುದಕ್ಕೆ ತಗುಲಿತು ಎಂಬುದನ್ನು ಅವು ಹೇಳುತ್ತವೆ. ಇದನ್ನು ಕಾಣಲು ನಿಘಂಟು ಬೇಕಿಲ್ಲ, ಪದದ ಪಕ್ಕದ ಕ್ರಿಯಾಪದ ನೋಡಿದರೆ ಸಾಕು. ಬಿಸಿಲು ಏರುತ್ತದೆ, ಇಳಿಯುತ್ತದೆ. ಸೆಕೆ ನಮಗೆ ಆಗುತ್ತದೆ. ಝಳ ಹೊಡೆಯುತ್ತದೆ. ಧಗೆ ಏಳುತ್ತದೆ. ಕಾವು ಆರುತ್ತದೆ.

ಮೊದಲ ದಿನದ ಪುಟವನ್ನೇ ನೋಡೋಣ. ರಾತ್ರಿ ಒಂಬತ್ತು ಗಂಟೆ, ಮತ್ರಾದ ಸಮುದ್ರ ದಂಡೆಯ ರಸ್ತೆ. ಕಾರಿನಿಂದ ಇಳಿದ ಕೂಡಲೇ ಕನ್ನಡಕ ಮಂಜಾಯಿತು, ಹತ್ತು ಹೆಜ್ಜೆಯಲ್ಲಿ ಅಂಗಿ ಬೆನ್ನಿಗೆ ಅಂಟಿತು ಎಂದು ಬರೆದಿದ್ದಾರೆ. ಎರಡೂ ಕಣ್ಣಾರೆ ಕಂಡು ಬರೆದ ಮಾತು. ಆದರೆ ಅದರ ಮುಂದೆಯೇ 'ರಾತ್ರಿಯಲ್ಲೂ ಬಿಸಿಲಿನ ತಾಪ' ಎಂದಿದೆ. ಸೂರ್ಯನಿಲ್ಲದೆ ಬಿಸಿಲಿಲ್ಲ. ಅಲ್ಲಿದ್ದದ್ದು ಸೆಕೆ. ಎಸಿಯಲ್ಲಿ ತಣ್ಣಗಾದ ಗಾಜಿನ ಮೇಲೆ ಗಾಳಿಯ ನೀರು ಕೂತಾಗ ಕನ್ನಡಕ ಮಂಜಾಗುತ್ತದೆ. ಅದೇ ಗಾಳಿಯಲ್ಲಿ ಮೈಯ ಬೆವರಿಗೆ ಆರಲು ಎಡೆಯಿಲ್ಲ, ಆರದ ಬೆವರು ಮೈಯನ್ನು ತಂಪು ಮಾಡುವುದಿಲ್ಲ. ಮಂಗಳೂರು, ಕಾರವಾರದವರಿಗೆ ಇದನ್ನು ವಿವರಿಸಬೇಕಿಲ್ಲ. 'ಸೆಕೆ' ಎಂದು ಒಂದು ಪದ ಬರೆದಿದ್ದರೆ ಅವರು ಮತ್ರಾದ ದಂಡೆಯಲ್ಲೇ ನಿಂತಿರುತ್ತಿದ್ದರು. ಮಸ್ಕತ್‌ನ ಆಗ್ನೇಯಕ್ಕೆ ಕುರಿಯಾತ್ ಎಂಬ ಮೀನುಗಾರರ ಊರಿದೆ. 2018ರ ಜೂನ್ 26ರಂದು ಅಲ್ಲಿ ಇಡೀ ದಿನ ರಾತ್ರಿಯೂ ಸೇರಿ ಉಷ್ಣಾಂಶ 42.6 ಡಿಗ್ರಿಗಿಂತ ಕೆಳಗಿಳಿಯಲಿಲ್ಲ. ಆ ರಾತ್ರಿಯನ್ನು ಬರೆಯುವವನು 'ಸುಡುಬಿಸಿಲು' ಎಂದರೆ ಅಂಕಿಗೆ ಹೊಂದುತ್ತದೆ, ಕತ್ತಲೆಗೆ ಹೊಂದುವುದಿಲ್ಲ.

ಮೂರನೆಯ ದಿನ ನಿಜ್ವಾ. ಹಜರ್ ಬೆಟ್ಟಸಾಲಿನ ಆಚೆ, ಸಮುದ್ರದ ಗಾಳಿ ಮುಟ್ಟದ ಒಳನಾಡು. ಇಲ್ಲಿ ತಪ್ಪು ತಿರುವುಮುರುವಾಗಿದೆ, ನಡುಮಧ್ಯಾಹ್ನಕ್ಕೆ 'ವಿಪರೀತ ಸೆಕೆ' ಎಂದಿದ್ದಾರೆ. ಅದು ಸೆಕೆಯಲ್ಲ ಎನ್ನಲು ಸಾಕ್ಷಿ ಅವರ ಪುಟದಲ್ಲೇ ಇದೆ. ಬೆವರೇ ಬರಲಿಲ್ಲ, ಸಂಜೆ ನೋಡಿದರೆ ಕಪ್ಪು ಅಂಗಿಯ ಮೇಲೆ ಉಪ್ಪಿನ ಬಿಳಿ ಗೆರೆಗಳಿದ್ದವು ಎಂದು ಅವರೇ ಬರೆದಿದ್ದಾರೆ. ಬೆವರು ಬಾರದೆ ಇರಲಿಲ್ಲ. ಬಂದದ್ದು ಬಂದಂತೆಯೇ ಆರಿಹೋಗುತ್ತಿತ್ತು. ಇಂಥಲ್ಲಿ ಸಲ್ಲುವ ಪದಗಳು ಬಿಸಿಲು ಮತ್ತು ಝಳ. ಕಾರಿನ ಬಾಗಿಲು ತೆರೆದಾಗ ಮುಖಕ್ಕೆ ಹೊಡೆದದ್ದು ಝಳ. ರಾಯಚೂರು, ಕಲಬುರಗಿಯವರು ಒಂದೇ ಸಾಲಿಗೆ ತಲೆಯಾಡಿಸುತ್ತಾರೆ. ಸಂಜೆ ಸೂರ್ಯ ಇಳಿದ ಮೇಲೆ ಕೋಟೆಯ ಗೋಡೆಗೆ ಕೈ ಇಟ್ಟೆ, ಇನ್ನೂ ಬಿಸಿಯಿತ್ತು ಎಂಬ ಸಾಲೂ ಇದೆ. ಒಳ್ಳೆಯ ಸಾಲು, ಆದರೆ ಅರ್ಧಕ್ಕೆ ನಿಂತಿದೆ. ದಿನವಿಡೀ ಕುಡಿದ ಬಿಸಿಲನ್ನು ಕಲ್ಲು ರಾತ್ರಿ ಹೊರಗೆ ಬಿಡುತ್ತದೆ. ಗೋಡೆಯಲ್ಲಿ ಉಳಿದದ್ದು ಕಾವು, ನೆಲದಿಂದ ಮೇಲಕ್ಕೆ ಬರುವುದು ಧಗೆ. ಈ ಎರಡು ಪದಗಳಿದ್ದರೆ ಓದುಗನಿಗೆ ಗಂಟೆ ಎಷ್ಟೆಂಬುದೂ ತಿಳಿಯುತ್ತಿತ್ತು.

ಐದನೆಯ ದಿನ ಜಬಲ್ ಅಖ್ದರ್, ಸುಮಾರು ಎರಡು ಸಾವಿರ ಮೀಟರ್ ಎತ್ತರದ ಬೆಟ್ಟ. ಮಧ್ಯಾಹ್ನ ಮೊಬೈಲಿನಲ್ಲಿ ಮೂವತ್ತು ಕಂಡಿದೆ, ದಿನಚರಿಯಲ್ಲಿ 'ವಾತಾವರಣ ಬೆಚ್ಚಗಿತ್ತು' ಎಂದಾಗಿದೆ. ಬೆಚ್ಚಗೆ ಎಂಬ ಪದ ಕನ್ನಡದಲ್ಲಿ ಸುಖದ ಕಡೆಯದು. ಹೊರಗೆ ಚಳಿ ಇರಬೇಕು, ಒಳಗೆ ಕಂಬಳಿಯೋ ಒಲೆಯೋ ಅಮ್ಮನ ಮಡಿಲೋ ಇರಬೇಕು, ಆಗ ಬೆಚ್ಚಗೆ. ನಿಜ್ವಾದಿಂದ ಹತ್ತಿ ಬಂದವರಿಗೆ ಆ ಮಧ್ಯಾಹ್ನ ಬೆಚ್ಚಗಿರಲಿಲ್ಲ, ತಂಪಾಗಿತ್ತು. ರಾತ್ರಿ ಉಷ್ಣಾಂಶ ಇಪ್ಪತ್ತರ ಹತ್ತಿರಕ್ಕೆ ಇಳಿದಾಗ ಕೋಣೆಯವನು ಕಂಬಳಿ ತಂದುಕೊಟ್ಟ ಎಂದು ಮುಂದೆ ಬರುತ್ತದೆ. ಪದ ಅಲ್ಲಿಗಾಗಿ ಕಾದಿತ್ತು. ಮಧ್ಯಾಹ್ನಕ್ಕೇ ಖರ್ಚು ಮಾಡಿದ್ದರಿಂದ ಕಂಬಳಿಯ ಹೊತ್ತಿಗೆ ಕೈ ಖಾಲಿ.

ಖರ್ಚಿನ ಮಾತು ಬಂದದ್ದರಿಂದ ಇನ್ನೊಂದು. ಸುಡು, ಉರಿ, ರಣ, ಕೆಂಡ ಎಂಬ ಭಾರದ ಮಾತುಗಳನ್ನೆಲ್ಲ ಅವರು ವಿಮಾನ ನಿಲ್ದಾಣದಿಂದ ಮನೆಗೆ ಬರುವಷ್ಟರಲ್ಲೇ, ಅದೂ ಎಸಿ ಕಾರಿನೊಳಗೆ ಕೂತು, ಬಳಸಿಬಿಟ್ಟಿದ್ದಾರೆ. ಗಾಜಿನಾಚೆ ಕಂಡದ್ದು ಬಿಸಿಲಿನ ಬೆಳಕು ಮಾತ್ರ. ಅದೇ ರಸ್ತೆಯ ಪಕ್ಕ ಕಟ್ಟಡದ ಕೆಲಸಗಾರರು ನೆರಳಿನಲ್ಲಿ ಮಲಗಿದ್ದ ದೃಶ್ಯವೂ ಇದೆ. ಜೂನ್‌ನಿಂದ ಆಗಸ್ಟ್‌ವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರೂವರೆವರೆಗೆ ಬಯಲಿನಲ್ಲಿ ಕೆಲಸ ಮಾಡಿಸಬಾರದು ಎಂಬ ನಿಯಮ ಇಲ್ಲಿದೆ. ಆ ಮೂರು ಗಂಟೆ ಕಾಯುವುದು ಬಿಸಿಲಿನಿಂದ. ಸಂಜೆ ಕರಾವಳಿಯಲ್ಲಿ ಕಬ್ಬಿಣ ಎತ್ತುವವನಿಗೆ ಸೆಕೆ ಹಾಗೆಯೇ ಉಳಿದಿರುತ್ತದೆ. ಎರಡಕ್ಕೂ 'ಸುಡು' ಎಂದರೆ ಈ ವ್ಯತ್ಯಾಸ ಮುಚ್ಚಿಹೋಗುತ್ತದೆ. ಎಲ್ಲ ವೆಚ್ಚವನ್ನೂ 'ಇತರೆ' ಎಂದು ಬರೆದ ಲೆಕ್ಕದ ಪುಸ್ತಕದಲ್ಲಿ ಹಣ ಎಲ್ಲಿಗೆ ಹೋಯಿತೆಂದು ಗೊತ್ತಾಗದ ಹಾಗೆ.

ನಾನು ಹಾಕಿದ ಗೆರೆಗಳು ಎಲ್ಲ ಊರಿನ ಕನ್ನಡಕ್ಕೂ ಒಂದೇ ಅಲ್ಲ. ಬೆಂಗಳೂರಿನಲ್ಲಿ ಸೆಕೆಗೂ ಧಗೆಗೂ ನಡುವಿನ ಗೋಡೆ ತೆಳು. ಶೆಕೆ ಎನ್ನುವವರೂ ಇದ್ದಾರೆ. ಬರೆಯುವವರು ತಮ್ಮ ಮನೆಯ ಪದವನ್ನೇ ಇಟ್ಟುಕೊಳ್ಳಲಿ. ಮೊಬೈಲು ನೋಡಿ ಆರಿಸದೆ ಮೈಯನ್ನು ಕೇಳಿ ಆರಿಸಲಿ ಎಂಬುದಷ್ಟೇ ನನ್ನ ಮಾತು.

ಹಾಗೆ ಕೇಳಿ ಬರೆದ ಒಂದು ಪುಟ ಈ ದಿನಚರಿಯಲ್ಲೇ ಇದೆ. ಎಂಟನೆಯ ದಿನ ಮನೆಗೆ ಮರಳಿದವರು ಸ್ನಾನಕ್ಕೆ ತಣ್ಣೀರಿನ ನಲ್ಲಿ ತಿರುಗಿಸಿದರೆ ಕೈ ಸುಡುವ ನೀರು. ಮಹಡಿಯ ಮೇಲಿನ ಟ್ಯಾಂಕು ದಿನವಿಡೀ ಬಿಸಿಲಿನಲ್ಲಿರುತ್ತದಲ್ಲ. ಇಲ್ಲಿ ನಾವೆಲ್ಲ ಬೇಸಿಗೆಯಲ್ಲಿ ಮಾಡುವುದನ್ನೇ ಅವರೂ ಮಾಡುತ್ತಾರೆ: ಗೀಸರಿನ ಸ್ವಿಚ್ಚು ಆರಿಸಿ, ಮನೆಯೊಳಗಿನ ಅದರ ತೊಟ್ಟಿಯಲ್ಲಿ ತಣಿದ ನೀರನ್ನು ಬಿಸಿನೀರಿನ ನಲ್ಲಿಯಿಂದ ಹಿಡಿದು ಮೀಯುತ್ತಾರೆ. ಅದನ್ನು ಹೇಳುವಾಗ ಅವರು ಡಿಗ್ರಿ ಬರೆದಿಲ್ಲ, ಸುಡು ಎಂದಿಲ್ಲ, ಕೆಂಡ ಎಂದಿಲ್ಲ. ಟ್ಯಾಂಕಿನದು ಕಾಯಿಸಿದ ನೀರಲ್ಲ, ಕಾದ ನೀರು ಎಂದಿದ್ದಾರೆ. ಇಡೀ ಪುಸ್ತಕದಲ್ಲಿ ಜುಲೈ ತಿಂಗಳ ಮಸ್ಕತ್ ಸರಿಯಾಗಿ ಸಿಕ್ಕಿರುವುದು ಆ ಸಾಲಿನಲ್ಲಿ. ಉಳಿದ ಪುಟಗಳನ್ನು ಅದರ ಪಕ್ಕದಲ್ಲಿಟ್ಟುಕೊಂಡು ತಿದ್ದಿ ಎಂದು ಅಂಚಿನಲ್ಲಿ ಬರೆದು ಹಸ್ತಪ್ರತಿಯನ್ನು ಹಿಂದಿರುಗಿಸಿದ್ದೇನೆ.