ಬಣ್ಣ ಹೋಯಿತೋ, ಮೇಲೆ ಹತ್ತಿತೋ?

ಡಿಸೆಂಬರ್‌ನಲ್ಲಿ ತುಮಕೂರಿನ ಮನೆಗಳಲ್ಲಿ ಕೊಬ್ಬರಿ ಎಣ್ಣೆ ಶೀಸೆಯನ್ನು ಬಿಸಿಲಿಗಿಟ್ಟರೇ ತಲೆಗೆ ಎಣ್ಣೆ. ಪಕ್ಕದ ಕಡಲೆಕಾಯಿ ಎಣ್ಣೆಗೆ ಆ ಚಳಿಯ ಪರಿವೆಯೇ ಇಲ್ಲ. ಕಾರಣ ಅಣುಗಳಲ್ಲೇ ಇದೆ. ಎಣ್ಣೆ ಹೈಡ್ರೋಕಾರ್ಬನ್ ಅಲ್ಲ, ನಿಜ. ಆದರೆ ಅದರ ಉದ್ದನೆಯ ಬಾಲಗಳು ಹೈಡ್ರೋಕಾರ್ಬನ್ ಸರಪಳಿಗಳೇ. ಕಡಲೆಕಾಯಿಯ ಬಾಲಗಳಲ್ಲಿ ದ್ವಿಬಂಧ ಧಾರಾಳ, ಕೊಬ್ಬರಿಯವುಗಳಲ್ಲಿ ತೀರಾ ವಿರಳ.

ಇದನ್ನು ಕಣ್ಣಾರೆ ನೋಡಲು ಬ್ರೋಮಿನ್ ನೀರು ಸಾಕು. ಗುಬ್ಬಿಯ ಗಾಣದ ಕೊಬ್ಬರಿ ಎಣ್ಣೆ ಐದು ಹನಿ ಒಂದು ಪ್ರನಾಳಕ್ಕೆ, ಕಡಲೆಕಾಯಿ ಎಣ್ಣೆ ಐದು ಹನಿ ಇನ್ನೊಂದಕ್ಕೆ. ಎರಡಕ್ಕೂ 2 ಮಿ.ಲೀ. ಹೆಕ್ಸೇನ್. ಮೂರನೆಯದರಲ್ಲಿ ಬರೀ ಹೆಕ್ಸೇನ್. ಕಿಟಕಿ ತೆರೆದು, ಹೈಪೋ ದ್ರಾವಣ ಕೈಗೆಟುಕುವಂತೆ ಇಟ್ಟುಕೊಂಡು, ಬ್ರೋಮಿನ್‌ನ ಸಂತೃಪ್ತ ದ್ರಾವಣವನ್ನು ಹನಿಹನಿಯಾಗಿ ಹಾಕಿ ಕುಲುಕಿದೆ. ಕೊಬ್ಬರಿಯದು ನಾಲ್ಕೈದು ಹನಿಗೇ ಸೋತು ಕಿತ್ತಳೆ ಬಣ್ಣ ಉಳಿಸಿಕೊಂಡಿತು. ಕಡಲೆಕಾಯಿಯದು ಮೂವತ್ತು ಹನಿ ದಾಟಿದರೂ ಕುಲುಕಿದಾಗಲೆಲ್ಲ ಬಣ್ಣ ನುಂಗುತ್ತಲೇ ಇತ್ತು. ದ್ವಿಬಂಧ ಬಿಚ್ಚಿಕೊಂಡು ಬ್ರೋಮಿನ್‌ಗೆ ಜಾಗ ಕೊಡುತ್ತದೆ, ಒಳಗಿನ ಹೈಡ್ರೋಜನ್ ಯಾವುದೂ ಹೊರಬೀಳಬೇಕಿಲ್ಲ. ಇದೇ ಸಂಕಲನ ಕ್ರಿಯೆ.

ಮೋಸ ಇರುವುದು ಮೂರನೆಯ ಪ್ರನಾಳದಲ್ಲಿ. ಕುಲುಕಿ ನಿಲ್ಲಿಸಿದರೆ ಕೆಳಗಿನ ನೀರು ಬಿಳಿಚಿಕೊಂಡಿರುತ್ತದೆ. ಪರೀಕ್ಷೆಗೆ ಕೂತ ಹುಡುಗರು ಅಷ್ಟನ್ನೇ ನೋಡಿ ‘ಬಣ್ಣ ಹೋಯಿತು, ಅಪರ್ಯಾಪ್ತ’ ಎಂದು ಬರೆದುಬಿಡುತ್ತಾರೆ. ಬಣ್ಣ ಹೋಗಿಲ್ಲ, ಮಹಡಿ ಹತ್ತಿದೆ! ಬ್ರೋಮಿನ್‌ಗೆ ನೀರಿಗಿಂತ ಹೆಕ್ಸೇನ್ ಸಂಗ ಇಷ್ಟ, ಹಾಗಾಗಿ ಮೇಲಿನ ಪದರ ಕಿತ್ತಳೆಯಾಗುತ್ತದೆ. ಎರಡೂ ಪದರ ತಿಳಿಯಾದರೆ ಮಾತ್ರ ದ್ವಿಬಂಧದ ಮಾತು.

ಅದೇ ಮೂರನೆಯ ಪ್ರನಾಳವನ್ನು ಬೀರುವಿನ ಕತ್ತಲಲ್ಲಿ ಬಿಟ್ಟರೆ ಕಿತ್ತಳೆ ಹಾಗೇ ಇರುತ್ತದೆ. ಕಿಟಕಿಯ ಬಿಸಿಲಿಗಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ಅದೂ ಮಾಸುತ್ತದೆ. ಬೆಳಕು ಬ್ರೋಮಿನ್ ಅಣುವನ್ನು ಸೀಳುತ್ತದೆ. ಬಿಡಿ ಪರಮಾಣು ಹೆಕ್ಸೇನ್‌ನಿಂದ ಒಂದು ಹೈಡ್ರೋಜನ್ ಕಿತ್ತುಕೊಳ್ಳುತ್ತದೆ, ಖಾಲಿಯಾದ ಜಾಗಕ್ಕೆ ಇನ್ನೊಂದು ಬ್ರೋಮಿನ್ ಬಂದು ಕೂರುತ್ತದೆ. ಇದು ಆದೇಶನ ಕ್ರಿಯೆ. ಜೊತೆಗೆ ಹೈಡ್ರೋಜನ್ ಬ್ರೋಮೈಡ್ ಹುಟ್ಟುತ್ತದೆ. ಆದ್ದರಿಂದ ಎಣ್ಣೆಯ ಪರೀಕ್ಷೆ ನೆರಳಲ್ಲೇ ಆಗಬೇಕು, ಬೇಗ ಮುಗಿಯಬೇಕು.

ಲಿಟ್ಮಸ್ ಕೆಂಪಾದರೆ ಆದೇಶನ ಎಂಬ ಕಿವಿಮಾತನ್ನು ಬ್ರೋಮಿನ್ ನೀರಿನ ಮಟ್ಟಿಗೆ ನಾನು ಒಪ್ಪುವುದಿಲ್ಲ. ದ್ವಿಬಂಧದ ಒಂದು ತುದಿಗೆ ಬ್ರೋಮಿನ್ ಅಂಟಿದ ಮೇಲೆ ಇನ್ನೊಂದು ತುದಿಗೆ ಸುತ್ತಲಿನ ನೀರೇ ನುಗ್ಗಬಹುದು. ಆಗ ಸಂಕಲನದಲ್ಲೂ ಆಮ್ಲ ಹುಟ್ಟುತ್ತದೆ. ಆ ಗುರುತು ನೆಚ್ಚಿಕೊಳ್ಳಬೇಕಾದರೆ ನೀರಿಲ್ಲದ ದ್ರಾವಕದಲ್ಲಿ ಕರಗಿಸಿದ ಬ್ರೋಮಿನ್ ಬೇಕು.

ಕುಣಿಗಲ್ ಕಡೆಯಿಂದ ತಂದ ಹೊಂಗೆ ಎಣ್ಣೆಯಲ್ಲೂ ದ್ವಿಬಂಧ ಬೇಕಾದಷ್ಟಿದೆ. ಆದರೆ ಅದರದೇ ಕಂದು ಬಣ್ಣದಲ್ಲಿ ಬ್ರೋಮಿನ್ ಬಂದದ್ದೂ ತಿಳಿಯಲಿಲ್ಲ, ಹೋದದ್ದೂ ತಿಳಿಯಲಿಲ್ಲ. ಒಂದೇ ಹನಿ ಎಣ್ಣೆಯನ್ನು ಬೇಕಾದಷ್ಟು ಹೆಕ್ಸೇನ್‌ನಲ್ಲಿ ತೆಳುಮಾಡಿ, ಬ್ರೋಮಿನ್ ಹಾಕದ ಅದೇ ದ್ರಾವಣದ ಜೋಡಿ ಪ್ರನಾಳವನ್ನು ಪಕ್ಕಕ್ಕಿಟ್ಟು, ಎರಡರ ಹಿಂದೆಯೂ ಬಿಳಿ ಹಾಳೆ ಹಿಡಿದಾಗ ವ್ಯತ್ಯಾಸ ಕಂಡಿತು.