ಪಿಸಿಆರ್ 0.7: ಸಂಜೆಯ ಅಂಕಿ, ಬೆಳಗಿನ ಬೆಲೆ

ನಿಫ್ಟಿಯ ಪುಟ್-ಕಾಲ್ ರೇಶಿಯೋ 0.7ಕ್ಕಿಂತ ಇಳಿದರೆ ಭಯ ಅತಿಯಾಗಿದೆ, ಕೊಳ್ಳಿ, 1.3 ದಾಟಿದರೆ ಹುಮ್ಮಸ್ಸು ಅತಿಯಾಗಿದೆ, ಹುಷಾರು. ಆಪ್ಷನ್ ಟ್ರೇಡರ್‌ಗಳ ನಡುವೆ ಈ ಮಾತು ಗಾದೆಯಂತೆ ಓಡಾಡುತ್ತದೆ. ಅಮೆರಿಕದಲ್ಲಿ ವಾಡಿಕೆ ಇದಕ್ಕೆ ತಿರುಗುಮುರುಗು. ಅಲ್ಲಿ ದಿನದ ವಹಿವಾಟಿನ ಪ್ರಮಾಣದಿಂದ ಅನುಪಾತ ಕಟ್ಟುತ್ತಾರೆ. ಅಂಜಿದವರು ಪುಟ್ ಕೊಂಡಷ್ಟೂ ಅದು ಏರುತ್ತದೆ. ನಮ್ಮಲ್ಲಿ ಬಳಸುವುದು ಬಾಕಿ ಉಳಿದ ಕಾಂಟ್ರಾಕ್ಟ್‌ಗಳನ್ನು, ಅಂದರೆ ಓಪನ್ ಇಂಟರೆಸ್ಟನ್ನು. ಪೇಟೆ ಕುಸಿದಾಗ ಪುಟ್ ಮಾರಿದವರು ಜಾಗ ಖಾಲಿ ಮಾಡುತ್ತಾರೆ, ಕಾಲ್ ಮಾರುವವರು ಹೆಚ್ಚುತ್ತಾರೆ, ಅನುಪಾತ ಇಳಿಯುತ್ತದೆ ಎಂಬುದು ಇಲ್ಲಿನ ಓದು. ಯಾವ ಅನುಪಾತವೆಂದು ಹೇಳದೆ ಮಿತಿ ಹೇಳುವುದು ವ್ಯರ್ಥ.

ಆ ಮಿತಿಯೂ ಗಟ್ಟಿಯಲ್ಲ. ಒಂದು ಲೆಕ್ಕ ನೋಡೋಣ. ಎಕ್ಸ್‌ಪೈರಿ ದಿನ ಪುಟ್ ಬಾಕಿ 120 ಲಕ್ಷ, ಕಾಲ್ ಬಾಕಿ 200 ಲಕ್ಷ ಎಂದುಕೊಳ್ಳಿ, ಪಿಸಿಆರ್ 0.60. ಇದರಲ್ಲಿ ಆ ವಾರದ 60 ಲಕ್ಷ ಪುಟ್, 120 ಲಕ್ಷ ಕಾಲ್ ಅಂದು ಸಂಜೆಗೇ ಮುಗಿದುಹೋಗುತ್ತವೆ. ಉಳಿದದ್ದು 60 ಮತ್ತು 80, ಪಿಸಿಆರ್ 0.75. ಯಾರ ಮನಸ್ಸೂ ಬದಲಾಗಿಲ್ಲ, ಆದರೂ 'ಭಯ' ಮಾಯ! ನಿಫ್ಟಿಯಲ್ಲಿ ವಾರದ ಆಪ್ಷನ್ ಬಂದದ್ದು 2019ರಲ್ಲಿ. ಅದಕ್ಕೂ ಹಿಂದಿನ ದತ್ತಾಂಶವನ್ನು ಈಚಿನದರೊಂದಿಗೆ ಬೆರೆಸಿ ಒಂದೇ ಗೆರೆ ಎಳೆದರೆ ತಪ್ಪುತ್ತದೆ. ಅದರ ಬದಲು, ಅಂದಂದಿನ ಪಿಸಿಆರ್ ಹಿಂದಿನ 252 ವಹಿವಾಟು ದಿನಗಳ ಪೈಕಿ ಕೆಳಗಿನ ಶೇ. 10ರಲ್ಲಿ ಬಿದ್ದಿದೆಯೇ ಎಂದು ಕೇಳುವುದು ಮೇಲು. ಶೇ. 10ರಲ್ಲಿ ಲಾಭ ತೋರಿ 8ರಲ್ಲೂ 12ರಲ್ಲೂ ಕರಗಿದರೆ ಅದು ಕಾಕತಾಳೀಯ. ಸತತ ಆರು ದಿನ ಮಿತಿಯ ಕೆಳಗಿದ್ದರೆ ಅದು ಒಂದೇ ಘಟನೆ, ಆರಲ್ಲ.

ದೊಡ್ಡ ಮೋಸ ನಡೆಯುವುದು ಸಮಯದಲ್ಲಿ. ಪರೀಕ್ಷೆಗೆ ಬಳಸುವ ಭಾವ್‌ಕಾಪಿ ಕೈಸೇರುವುದು ಪೇಟೆ ಮುಚ್ಚಿದ ಮೇಲೆ. ಆದರೂ ಎಷ್ಟೋ ಬ್ಯಾಕ್‌ಟೆಸ್ಟ್‌ಗಳು ಅದೇ ದಿನದ ಮುಕ್ತಾಯದ ಬೆಲೆಗೆ ಕೊಂಡಂತೆ ಲೆಕ್ಕ ಬರೆಯುತ್ತವೆ. ಮುಕ್ತಾಯ 24,000, ಮರುದಿನ 9:15ಕ್ಕೆ ಆರಂಭ 24,180, ಐದನೇ ದಿನ 24,300 ಎಂದಿರಲಿ. ಕಾಗದದ ಲಾಭ 300 ಅಂಶ. ನಿಜಕ್ಕೂ ಸಿಗುವುದು 120, ಅದರಲ್ಲೂ ಖರ್ಚು ಕಳೆಯಬೇಕು. ಭಯದ ದಿನದ ಮರುಬೆಳಗ್ಗೆ ಪೇಟೆ ಜಿಗಿದು ತೆರೆದರೆ, ಲಾಭದ ಬಹುಪಾಲು ನಾವು ಮುಟ್ಟಲಾಗದ ರಾತ್ರಿಯಲ್ಲೇ ಮುಗಿದಿರುತ್ತದೆ.

ಈ 120ನ್ನೂ ಹಾಗೇ ನಂಬಬಾರದು. ಅದೇ ಅವಧಿಯಲ್ಲಿ ಯಾವ ದಿನ ಕೊಂಡರೂ ಐದು ದಿನಕ್ಕೆ ಸರಾಸರಿ ಎಷ್ಟು ಸಿಗುತ್ತಿತ್ತು ಎಂಬುದನ್ನು ಪಕ್ಕದಲ್ಲಿಡಬೇಕು. ಆಗಲೂ ಮಿಕ್ಕುವುದೇನಾದರೂ ಇದ್ದರೆ, ಪಿಸಿಆರ್ ಕೊಳ್ಳು ಎನ್ನುವ ಧಣಿಯಾಗಿ ಅಲ್ಲ, ಈಗ ಮಾರಬೇಡ ಎಂದು ತಡೆಯುವ ಬಾಗಿಲ ಕಾವಲುಗಾರನಾಗಿ ಕೆಲಸಕ್ಕೆ ಬರುತ್ತದೆ.