ಬೆನ್ನು ಬಾಗಿಸುವ ಮೊದಲು ಉಸಿರು ಹೊರಗೆ

ಮೇಲ್ಬೆನ್ನು ಬಿಗಿದಿದೆ ಎಂದು ಹೇಳಿಕೊಂಡು ಬಂದವರನ್ನು ನಾನು ಮೊದಲು ಕೇಳುವುದು ಮನೆಯಲ್ಲಿ ಹೊಲಿಗೆಯ ಟೇಪ್ ಇದೆಯೇ ಎಂದು. ಟೇಪನ್ನು ಎದೆಯ ಸುತ್ತ ಮೊಲೆತೊಟ್ಟಿನ ಮಟ್ಟದಲ್ಲಿ ಸುತ್ತಬೇಕು. ಹೆಂಗಸರಾದರೆ ಸ್ವಲ್ಪ ಕೆಳಗೆ, ಎದೆಮೂಳೆ ಮುಗಿಯುವಲ್ಲಿ ಸುತ್ತಿಕೊಳ್ಳಬಹುದು. ಉಸಿರೆಲ್ಲ ಹೊರಗೆ ಬಿಟ್ಟು ಒಮ್ಮೆ ಅಳತೆ, ತುಂಬ ಎಳೆದುಕೊಂಡು ಇನ್ನೊಮ್ಮೆ ಅಳತೆ. ಆರೋಗ್ಯವಂತ ಹರೆಯದವರಲ್ಲಿ ಎರಡರ ನಡುವೆ ಸಾಮಾನ್ಯವಾಗಿ 5 ಸೆಂಟಿಮೀಟರ್ ಅಥವಾ ಅದಕ್ಕಿಂತ ಹೆಚ್ಚಿನ ವ್ಯತ್ಯಾಸ ಇರುತ್ತದೆ. ವಯಸ್ಸಾದಂತೆ ಅದು ಕಡಿಮೆಯಾಗುತ್ತ ಹೋಗುತ್ತದೆ.

ತಲಕಾಡಿನ ಬಳಿಯ ನಮ್ಮ ಹೆಮ್ಮಿಗೆಯಿಂದ ದಿನಾ ಬೈಕಿನಲ್ಲಿ ತಿ. ನರಸೀಪುರಕ್ಕೆ ಹೋಗಿ, ಬೆಳಗಿನಿಂದ ಸಂಜೆಯವರೆಗೆ ಕಂಪ್ಯೂಟರ್ ಮುಂದೆ ಲೆಕ್ಕ ಬರೆಯುವ ಹುಡುಗನೊಬ್ಬನಿಗೆ ಬಂದದ್ದು ಮೂರೇ ಸೆಂಟಿಮೀಟರ್. "ಬೆನ್ನು ಹಲಗೆ ಆಗ್ಬುಟ್ಟದೆ ಕಣಣ್ಣ, ಉಸ್ರು ಎಳ್ಕೊಂಡ್ರೆ ಇಲ್ಲಿಗೇ ನಿಂತೋಯ್ತದೆ" ಎಂದು ಅವನು ಕೈಯಿಟ್ಟು ತೋರಿಸಿದ್ದು ಕೊರಳಿನ ಬುಡವನ್ನು. ಬೆನ್ನು ಬಿಗಿತ, ಮೇಲುಸಿರು ಎಂದು ಅವನು ಎರಡು ದೂರು ಹೇಳುತ್ತಿದ್ದ. ನನ್ನ ಲೆಕ್ಕದಲ್ಲಿ ಅದು ಒಂದೇ ದೂರು.

ಯಾಕೆಂದರೆ ಬೆನ್ನುಮೂಳೆಯ ನಡುಭಾಗದ ಹನ್ನೆರಡು ಕಶೇರುಕಗಳು ಕೊರಳಿನವುಗಳಂತೆ, ಸೊಂಟದವುಗಳಂತೆ ತಮ್ಮ ಪಾಡಿಗೆ ತಾವು ಇಲ್ಲ. ಪ್ರತಿಯೊಂದಕ್ಕೂ ಎಡಬಲದಲ್ಲಿ ಒಂದೊಂದು ಪಕ್ಕೆಲುಬು ಕೀಲುಗೂಡಿದೆ. ಉಸಿರು ಎಳೆದಾಗ ಕೆಳಗಿನ ಪಕ್ಕೆಲುಬುಗಳು ಬಕೆಟ್ಟಿನ ಹಿಡಿ ಎತ್ತಿದಂತೆ ಪಕ್ಕಕ್ಕೆ ಏಳುತ್ತವೆ, ಮೇಲಿನವು ಎದೆಮೂಳೆಯನ್ನು ಮುಂದಕ್ಕೂ ಮೇಲಕ್ಕೂ ತಳ್ಳುತ್ತವೆ. ಈ ಎರಡು ಚಲನೆಯೂ ಹಿಂದುಗಡೆ ಕಶೇರುಕದ ಕೀಲಿನಲ್ಲೇ ತಿರುಗಬೇಕು. ಹಾಗಾಗಿ ಪಕ್ಕೆಲುಬು ಅಲುಗದವನ ಬೆನ್ನು ಅಲುಗುವುದಿಲ್ಲ, ಬೆನ್ನು ಬಾಗಿಸಿಕೊಂಡು ಕೂತವನ ಪಕ್ಕೆಲುಬು ಏಳುವುದಿಲ್ಲ. ಗೂನು ಕೂತು ಒಂದು ದೀರ್ಘ ಉಸಿರು ಎಳೆದು ನೋಡಿ, ನೆಟ್ಟಗೆ ನಿಂತು ಇನ್ನೊಂದು ಎಳೆದು ನೋಡಿ. ವ್ಯತ್ಯಾಸ ತಾನಾಗಿ ತಿಳಿಯುತ್ತದೆ.

ಇಂಥವರಿಗೆ ಜಿಮ್ಮಿನಲ್ಲೂ ಮೊಬೈಲ್ ವಿಡಿಯೊಗಳಲ್ಲೂ ಸಿಗುವ ಮೊದಲ ಸಲಹೆ ಫೋಮ್ ರೋಲರ್ ಮೇಲೆ ಮಲಗಿ ಹಿಂದಕ್ಕೆ ಬಾಗಿ ಎನ್ನುವುದು. ಬಾಗುತ್ತಾರೆ, ಲಟಲಟ ಶಬ್ದ ಬರುತ್ತದೆ, ಸುಖ ಅನ್ನಿಸುತ್ತದೆ. ಆದರೆ ಬಾಗಿದ್ದು ಎಲ್ಲಿ? ದಿನವಿಡೀ ಕುರ್ಚಿಯಲ್ಲಿ ಕೂತವನ ಮೇಲ್ಬೆನ್ನು ಸುಲಭಕ್ಕೆ ಜಗ್ಗುವುದಿಲ್ಲ, ಕೆಳಬೆನ್ನು ಸುಲಭಕ್ಕೆ ಜಗ್ಗುತ್ತದೆ. ಅವನು ಬಾಗಿಸಿದ್ದು ಸೊಂಟವನ್ನೇ. ಇದನ್ನು ಕಂಡುಹಿಡಿಯುವುದು ಕಷ್ಟವಲ್ಲ. ಕೆಳಗಿನ ಪಕ್ಕೆಲುಬಿನ ಅಂಚು ಹೊಟ್ಟೆಯಿಂದ ಎದ್ದು ಚೂಪಾಗಿ ಕಾಣುತ್ತಿದ್ದರೆ, ಕೆಳಬೆನ್ನಿನಡಿ ಅಂಗೈ ಸರಾಗವಾಗಿ ತೂರಿದರೆ, ಕಸರತ್ತು ಜಾಗ ತಪ್ಪಿದೆ ಎಂದೇ ಅರ್ಥ.

ಆದ್ದರಿಂದ ನನ್ನ ಹಟ ಇದು: ಮೊದಲು ಉಸಿರು ಹೊರಗೆ ಹೋಗಬೇಕು. ಮೇಲುಸಿರಿನವರ ತೊಂದರೆ ಗಾಳಿ ಒಳಗೆ ಬರುತ್ತಿಲ್ಲ ಎನ್ನುವುದಕ್ಕಿಂತ ಹಳೆಯ ಗಾಳಿ ಪೂರ್ತಿ ಹೊರಡುತ್ತಿಲ್ಲ ಎನ್ನುವುದು. ವಪೆ ಕೆಳಗಿನ ಆರು ಪಕ್ಕೆಲುಬುಗಳ ಒಳಮೈಗೆ ಅಂಟಿಕೊಂಡಿದೆ. ಉಸಿರು ಬಿಟ್ಟಾಗ ಅದು ಗುಮ್ಮಟದಂತೆ ಮೇಲೇಳಬೇಕು, ಎದ್ದರೆ ಮಾತ್ರ ಮುಂದಿನ ಉಸಿರಿಗೆ ಅದಕ್ಕೆ ಇಳಿಯಲು ಜಾಗ ಇರುತ್ತದೆ. ಅರ್ಧ ತುಂಬಿಕೊಂಡೇ ಇರುವ ಎದೆಗೆ ಇನ್ನಷ್ಟು ಎಳೆದುಕೊಳ್ಳಲು ಹೋದರೆ ದುಡಿಯುವುದು ಕೊರಳಿನ ಸ್ನಾಯುಗಳು. ಸಂಜೆಗೆ ಭುಜ, ಕೊರಳು ನೋಯುವುದರಲ್ಲಿ ಇದರ ಪಾಲೂ ಇರುತ್ತದೆ.

ಮಾಡುವ ಕ್ರಮ ಸರಳ. ಅಂಗಾತ ಮಲಗಿ ಕಾಲುಗಳನ್ನು ಕುರ್ಚಿಯ ಮೇಲೆ ಇಡಿ, ಕೆಳಬೆನ್ನು ನೆಲಕ್ಕೆ ತಾಗಲಿ. ಒಂದು ಕೈ ಎದೆಮೂಳೆಯ ಮೇಲೆ, ಇನ್ನೊಂದು ಪಕ್ಕದ ಕೆಳ ಪಕ್ಕೆಲುಬಿನ ಮೇಲೆ. ಸ್ಟ್ರಾ ಊದುವಂತೆ ತುಟಿ ಕಿರಿದು ಮಾಡಿ ಆರೆಂಟು ಸೆಕೆಂಡು ಉಸಿರು ಬಿಡಿ. ಕೈಕೆಳಗಿನ ಪಕ್ಕೆಲುಬು ಇಳಿದು ಒಳಗೆ ಸರಿಯುವುದು ತಿಳಿಯಬೇಕು. ಎರಡು ಸೆಕೆಂಡು ಸುಮ್ಮನಿದ್ದು, ಮೂಗಿನಿಂದ ಸದ್ದಿಲ್ಲದೆ ಎಳೆಯಿರಿ. ಐದು ಉಸಿರು ಸಾಕು. ಇಪ್ಪತ್ತು ಮೂವತ್ತು ಮಾಡಿ ತಲೆ ತಿರುಗಿತು, ಬೆರಳು ಜುಮುಗುಟ್ಟಿತು ಎನ್ನುವವರಿದ್ದಾರೆ. ಅದು ಪ್ರಾಣಶಕ್ತಿ ಏರಿದ್ದಲ್ಲ, ಹೆಚ್ಚು ಉಸಿರಾಡಿ ರಕ್ತದ ಇಂಗಾಲದ ಡೈಆಕ್ಸೈಡ್ ಇಳಿದದ್ದು.

ಆಮೇಲೆ ಟವೆಲ್. ರೋಲರ್ ಕೊಳ್ಳಬೇಕಾಗಿಲ್ಲ, ಸ್ನಾನದ ದಪ್ಪ ಟವೆಲ್ಲನ್ನು ಬಿಗಿಯಾಗಿ ಸುತ್ತಿದರೆ ಆಯಿತು. ಅದನ್ನು ಉದ್ದಕ್ಕೆ ಇಡಬೇಕೋ ಅಡ್ಡಕ್ಕೆ ಇಡಬೇಕೋ ಎಂಬಲ್ಲಿ ರುಚಿಯ ಪ್ರಶ್ನೆ ಬರುತ್ತದೆ. ಬೆನ್ನುಮೂಳೆಯ ಉದ್ದಕ್ಕೆ ಇಟ್ಟು ಮಲಗಿದರೆ ಎರಡು ಪಕ್ಕದ ಪಕ್ಕೆಲುಬುಗಳು, ಭುಜಗಳು ತಮ್ಮ ಭಾರಕ್ಕೆ ಇಳಿದು ಎದೆ ಅಗಲವಾಗುತ್ತದೆ, ಮೂಳೆಗೆ ಒತ್ತಡವಿಲ್ಲ. ಅಡ್ಡಕ್ಕೆ ಇಟ್ಟರೆ ಅದು ತಾಗಿದ ಜಾಗದಲ್ಲಿ ಮಾತ್ರ ಬೆನ್ನು ಹಿಂದಕ್ಕೆ ಬಾಗುತ್ತದೆ. ಹೊಸಬರು ಉದ್ದದಿಂದ ಶುರುಮಾಡಬೇಕು ಎನ್ನುವವನು ನಾನು.

ಈ ಉದ್ದದ ಆಸರೆಗೆ ನಮ್ಮ ಸೀಮೆಯ ನಂಟೂ ಇದೆ. ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸುತ್ತಿದ್ದಾಗ, 1934ರಲ್ಲಿ ಅಲ್ಲಿಗೆ ಬಂದವರು ಅವರ ಪತ್ನಿಯ ತಮ್ಮ, ಕೋಲಾರ ಜಿಲ್ಲೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್. ಬಾಲ್ಯದ ಮಲೇರಿಯ, ವಿಷಮಶೀತ ಜ್ವರ, ಕ್ಷಯಗಳಿಂದ ಸೊರಗಿದ್ದ, ಬಗ್ಗದ ಮೈ ಅವರದು. ಆ ಅನುಭವ ಇದ್ದುದರಿಂದಲೇ ಇರಬೇಕು, ಮುಂದೆ ಪುಣೆಯಲ್ಲಿ ಅವರು ಕುರ್ಚಿ, ದಿಂಬು, ಹಗ್ಗ, ಕಂಬಳಿಗಳನ್ನು ಆಸನಕ್ಕೆ ಒದಗಿಸಿಕೊಂಡರು. ಪ್ರಾಣಾಯಾಮಕ್ಕೆ ಹೊಸಬರನ್ನು ನೇರ ಕೂರಿಸದೆ, ಮಡಿಸಿದ ಕಂಬಳಿಯನ್ನು ಬೆನ್ನಿನುದ್ದಕ್ಕೆ ಇಟ್ಟು ಮಲಗಿಸುವ ಕ್ರಮ ಅವರ ಪರಂಪರೆಯಲ್ಲಿ ಇವತ್ತಿಗೂ ಇದೆ. ನಾವು ಟವೆಲ್ ಹಾಸುವುದು ಅದೇ ಲೆಕ್ಕದಲ್ಲಿ.

ಮೂರು ನಿಮಿಷ ಹಾಗೆ ಮಲಗಿದ ಮೇಲೆ ಅಡ್ಡ ಟವೆಲ್. ಭುಜದ ಹಲಗೆಮೂಳೆಯ ಕೆಳತುದಿ ಸುಮಾರು ಏಳನೆಯ ಎದೆಯ ಕಶೇರುಕದ ಮಟ್ಟಕ್ಕೆ ಬರುತ್ತದೆ. ಸುರುಳಿ ಅಲ್ಲಿರಲಿ. ಮಂಡಿ ಮಡಿಸಿ, ಪೃಷ್ಠ ನೆಲದ ಮೇಲೆಯೇ ಇಟ್ಟು, ಎರಡೂ ಕೈಗಳಿಂದ ತಲೆಯ ಭಾರ ಹಿಡಿದುಕೊಳ್ಳಿ. ಉಸಿರು ಬಿಡುತ್ತ ತಲೆಯನ್ನು ನಿಧಾನಕ್ಕೆ ಇಳಿಸಿ, ಇಳಿದಲ್ಲೇ ನಿಂತು ಉಸಿರು ಎಳೆದು ಎದೆಮೂಳೆ ಏಳಲು ಬಿಡಿ. ನಾಲ್ಕು ಉಸಿರಾದ ಮೇಲೆ ಸುರುಳಿಯನ್ನು ಎರಡು ಬೆರಳಿನಷ್ಟು ಮೇಲಕ್ಕೆ ಸರಿಸಿ. ಪಕ್ಕೆಲುಬು ಮುಗಿದ ಕೆಳಗೆ ಬೇಡ, ಕೊರಳಿನಡಿ ಖಂಡಿತ ಬೇಡ.

ಯೋಗ ಕಲಿತವರು ಇಲ್ಲಿ ತಕರಾರು ತೆಗೆಯುತ್ತಾರೆ. ಹಿಂದಕ್ಕೆ ಬಾಗುವಾಗ ಉಸಿರು ಎಳೆಯಬೇಕಲ್ಲವೇ, ಬಿಡುವುದು ಹೇಗೆ ಎಂದು. ಅವರ ಮಾತು ಸರಿ, ಉಸಿರು ಎಳೆದಾಗ ಮೇಲ್ಬೆನ್ನು ತಾನಾಗಿ ಸ್ವಲ್ಪ ನೆಟ್ಟಗಾಗುತ್ತದೆ. ಆದರೆ ಕಚೇರಿಯ ಬೆನ್ನಿನವನು ಎಳೆಯುತ್ತ ಬಾಗಿದರೆ ಕೆಳ ಪಕ್ಕೆಲುಬು ಎಗರಿ ಬಾಗು ಸೊಂಟಕ್ಕೆ ಜಾರುತ್ತದೆ. ಬಿಡುತ್ತ ಬಾಗಿದರೆ ಹೊಟ್ಟೆಯ ಸ್ನಾಯುಗಳು ಪಕ್ಕೆಲುಬನ್ನು ಹಿಡಿದಿರುತ್ತವೆ. ಬಾಗು ಎಲ್ಲಿ ಆಗುತ್ತಿದೆ ಎಂದು ತಿಳಿಯಲು ಕಲಿತ ಮೇಲೆ ಸಂಪ್ರದಾಯದ ಕ್ರಮಕ್ಕೇ ಮರಳಬಹುದು.

ಕೊನೆಯದು ತಿರುಗುವುದು, ನನ್ನ ಮೆಚ್ಚಿನದು. ಸೊಂಟದ ಕಶೇರುಕಗಳ ಕೀಲುಗಳು ತಿರುಗಲು ಹೆಚ್ಚು ಬಿಡುವುದಿಲ್ಲ, ಮುಂಡ ತಿರುಗುವುದರಲ್ಲಿ ದೊಡ್ಡ ಪಾಲು ಮೇಲ್ಬೆನ್ನಿನದೇ. ಕುರ್ಚಿಯಲ್ಲಿ ಕೂತು, ಮಂಡಿಗಳ ನಡುವೆ ದಿಂಬು ಒತ್ತಿ ಹಿಡಿದು, ಪೊರಕೆಯ ಕೋಲನ್ನು ಎದೆಗಡ್ಡ ತಬ್ಬಿ ತಿರುಗಿ. ಎರಡೂ ಕಡೆ ಸುಮಾರು 45 ಡಿಗ್ರಿ ಬಂದರೆ ಚೆನ್ನ. ಆ ಹುಡುಗನಿಗೆ ಎಡಕ್ಕೆ ಅಷ್ಟು ಬಂತು, ಬಲಕ್ಕೆ ಮೂವತ್ತರ ಹತ್ತಿರ ನಿಂತಿತು. ದಿನವಿಡೀ ಎಡಗಡೆಯ ಎರಡನೆಯ ಪರದೆ ನೋಡಿ ಟೈಪ್ ಮಾಡುತ್ತಾನಂತೆ. ಅದೇ ಕಾರಣ ಎಂದು ಆಣೆ ಮಾಡಲಾರೆ, ಪರದೆಯನ್ನು ಮಾತ್ರ ಎದುರಿಗೆ ತರಿಸಿದೆ.

ಅವನಿಗೆ ಕೊಟ್ಟದ್ದು ಪುಸ್ತಕ ತೆರೆದಂಥ ಕಸರತ್ತು. ಎಡಮಗ್ಗುಲಾಗಿ ಮಲಗಿ, ಮಂಡಿಗಳನ್ನು ಸೊಂಟದ ಮಟ್ಟಕ್ಕೆ ಮಡಿಸಿ, ನಡುವೆ ಟವೆಲ್ ಇಟ್ಟು ಒತ್ತಿ, ಕೈಗಳನ್ನು ಎದುರಿಗೆ ಜೋಡಿಸಬೇಕು. ಉಸಿರು ಬಿಡುತ್ತ ಮೇಲಿನ ಕೈಯನ್ನು ತೆರೆದು ಹಿಂದಕ್ಕೆ ಒಯ್ಯಬೇಕು, ಕಣ್ಣು ಬೆರಳನ್ನೇ ಹಿಂಬಾಲಿಸಬೇಕು. ಮೇಲಿನ ಮಂಡಿ ಜಾರಿದ ಕ್ಷಣಕ್ಕೆ ನಿಲ್ಲಬೇಕು, ಏಕೆಂದರೆ ಅಲ್ಲಿಂದಾಚೆಗೆ ತಿರುಗುವುದು ಸೊಂಟ. ಕೈ ನೆಲಕ್ಕೆ ತಾಗಬೇಕೆಂಬ ನಿಯಮವಿಲ್ಲ. ಕೈ ತಾಗಿಸುವ ಆಸೆಗೆ ಭುಜದ ಕೀಲನ್ನು ಜಗ್ಗುವವರೇ ಹೆಚ್ಚು. ತಿರುಗಿದಲ್ಲಿ ನಿಂತು, ತೆರೆದ ಪಕ್ಕದ ಪಕ್ಕೆಲುಬಿಗೆ ಮೂರು ಉಸಿರು ಕಳಿಸಿ ಮರಳಬೇಕು. ಅವನಿಗೆ ಬಿಗಿ ಇದ್ದ ಬಲಕ್ಕೆ ಆರು ಸಲ, ಎಡಕ್ಕೆ ನಾಲ್ಕು.

ಎಲ್ಲ ಸೇರಿ ಹತ್ತು ಹನ್ನೆರಡು ನಿಮಿಷ, ರಾತ್ರಿ ಊಟಕ್ಕೆ ಮುಂಚೆ. ಮುದ್ದೆ ಉಂಡು ಟವೆಲ್ ಮೇಲೆ ಮಲಗಿದರೆ ವಪೆ ಇಳಿಯುವುದೆಲ್ಲಿಗೆ? ಕಚೇರಿಯಲ್ಲಿ ಗಂಟೆಗೊಮ್ಮೆ ಎದ್ದು ಎರಡು ದೀರ್ಘ ನಿಶ್ವಾಸ, ಎರಡೂ ಕಡೆಗೆ ಒಂದೊಂದು ತಿರುವು. ಬೆಲ್ಟ್ ಒಂದು ತೂತು ಸಡಿಲ.

ಒಂದೂವರೆ ತಿಂಗಳಿಗೆ ಟೇಪಿನಲ್ಲಿ ನಾಲ್ಕೂವರೆ ಸೆಂಟಿಮೀಟರ್ ಬಂತು, ಬಲದ ತಿರುವು ಎಡದ ಸಮೀಪಕ್ಕೆ ಬಂತು. ಬಿಗಿತದ ಅನುಭವ ಪೂರ್ತಿ ಹೋಗಿಲ್ಲ, ಎದ್ದೇಳದೆ ಮೂರು ಗಂಟೆ ಕೂತ ದಿನ ಮರಳುತ್ತದೆ. ಅದರಲ್ಲಿ ಆಶ್ಚರ್ಯವಿಲ್ಲ. ಬಿಗಿ ಅನ್ನಿಸುವುದಕ್ಕೂ ಕೀಲು ನಿಜಕ್ಕೂ ತಿರುಗದಿರುವುದಕ್ಕೂ ಯಾವಾಗಲೂ ತಾಳೆ ಇರುವುದಿಲ್ಲ. ಟವೆಲ್ಲಿನಿಂದ ಬರುವ ಸಡಿಲವೂ ಒಂದು ದಿನ ಮಾಡಿದರೆ ಕೆಲವು ಗಂಟೆಯದು, ರೂಢಿಯಾದರೆ ಮಾತ್ರ ಉಳಿಯುವಂಥದ್ದು.

ಮೂಳೆ ಸವೆತ ಇರುವವರು, ಬಹುಕಾಲ ಸ್ಟಿರಾಯ್ಡ್ ಮಾತ್ರೆ ನುಂಗಿದವರು, ಬೆನ್ನುಮೂಳೆ ಮುರಿದು ಕೂಡಿದವರು ಅಡ್ಡ ಟವೆಲ್ ಮುಟ್ಟಬಾರದು. ಮೆಟ್ಟಿಲು ಹತ್ತಿದರೆ ಏದುಸಿರು, ಎದೆನೋವು, ಕಾಲು ಊತ ಇದ್ದರೆ ಅದು ಬೆನ್ನಿನ ಮಾತಲ್ಲ. ನಲವತ್ತರೊಳಗಿನ ವಯಸ್ಸಿನಲ್ಲಿ ಶುರುವಾಗಿ ತಿಂಗಳುಗಟ್ಟಲೆ ಉಳಿದ ಬೆನ್ನುನೋವು, ಬೆಳಗ್ಗೆ ಎದ್ದ ಮೇಲೆ ಅರ್ಧ ಗಂಟೆಗೂ ಮೀರಿ ಉಳಿಯುವ ಬಿಗಿತ, ವಿಶ್ರಾಂತಿಗೆ ಹೆಚ್ಚಾಗಿ ಓಡಾಡಿದರೆ ಕಡಿಮೆಯಾಗುವ ಲಕ್ಷಣ, ರಾತ್ರಿ ಎಚ್ಚರಗೊಳಿಸುವ ನೋವು, ಇವೆಲ್ಲ ಬೆನ್ನುಮೂಳೆಯ ಉರಿಯೂತದ ಸಂಧಿವಾತದ ಸೂಚನೆಗಳು. ಆ ರೋಗದಲ್ಲಿ ಪಕ್ಕೆಲುಬಿನ ಕೀಲುಗಳೇ ಬೆಸೆದುಕೊಳ್ಳಬಹುದು. ಟೇಪಿನಲ್ಲಿ ಎರಡೂವರೆ ಸೆಂಟಿಮೀಟರನ್ನೂ ದಾಟದವರು ಟವೆಲ್ಲನ್ನು ಬದಿಗಿಟ್ಟು ಮೊದಲು ವೈದ್ಯರಿಗೆ ತೋರಿಸಿ.